ಪಟ್ಟಿ ತಿದ್ದಿದರೆ ಮನೆಯಲ್ಲಿ ಸಿಗ್ನಲ್ ಬರುತ್ತದೆಯೇ?

"ಸರ್, ಸಿಮ್ಮಿನ ಲಿಸ್ಟ್‌ನಾಗ ಮಹಾರಾಷ್ಟ್ರದ್ದು ಮ್ಯಾಲ ಹಾಕಿಕೊಡ್ರಿ, ಮನ್ಯಾಗ ಫುಲ್ ಕಡ್ಡಿ ಬರ್ತಾವ." ಔರಾದ, ಭಾಲ್ಕಿ ಕಡೆಯ ಗಡಿ ಹಳ್ಳಿಗಳಿಂದ ಬಂದವರಿಗೆ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಫೋನು ಯಾವ ಸಿಗ್ನಲ್ ಜೋರಾಗಿದೆ ಎಂದು ಮೊದಲು ನೋಡುವುದಿಲ್ಲ. ಆನ್ ಆದಾಗ ಕೊನೆಗೆ ಹಿಡಿದಿದ್ದ ನೆಟ್‌ವರ್ಕನ್ನು ಹುಡುಕುತ್ತದೆ, ಅದು ಸಿಗದಿದ್ದರೆ ತನ್ನ ಹೋಮ್ ನೆಟ್‌ವರ್ಕನ್ನು. ಎರಡೂ ಇಲ್ಲದಾಗ ಮಾತ್ರ, ಯಾವ ನೆಟ್‌ವರ್ಕ್ ಮೊದಲು ಹಿಡಿಯಬೇಕೆಂದು ಸಿಮ್ಮಿನಲ್ಲಿ ನಾವು ಬರೆದ ಪಟ್ಟಿ, ನಂತರ ಕಂಪನಿ ಬರೆದ ಪಟ್ಟಿ. ಪಟ್ಟಿಯಲ್ಲಿ ಯಾರನ್ನು ಎಷ್ಟು ಮೇಲೆ ಕೂರಿಸಿದರೂ ಅವರ ಸರದಿ ಹೋಮ್ ನಂತರವೇ. ಹೋಮ್ ಒಂದೇ ಕಡ್ಡಿ ತೋರಿಸಿದರೂ, ಆ ಟವರ್ ಕೇಳುವ ಕನಿಷ್ಠ ಮಟ್ಟ ದಾಟಿದ್ದರೆ ಫೋನಿಗೆ ಅದೇ ಸಾಕು. ದೇಶದೊಳಗಿನ ರೋಮಿಂಗ್‌ನಲ್ಲಿದ್ದರೂ ಸುಮ್ಮನಿರುವುದಿಲ್ಲ, ಸಿಮ್ಮಿನಲ್ಲಿ ಬರೆದ ಅವಧಿಗೊಮ್ಮೆ ಹೋಮ್ ಬಂತೇ ಎಂದು ಮತ್ತೆ ಹುಡುಕುತ್ತದೆ. ಆ ಅವಧಿ 6 ನಿಮಿಷದ ಗುಣಕಗಳಲ್ಲಿರುತ್ತದೆ.

ಇಲ್ಲಿ ಹೋಮ್ ಎಂದರೆ ಕಂಪನಿಯ ಹೆಸರಲ್ಲ, ಅಂಕಿ. ಕರ್ನಾಟಕದ ಬಿಎಸ್‌ಎನ್‌ಎಲ್ 404 71, ಮಹಾರಾಷ್ಟ್ರದ್ದು 404 66. ಕಂಪನಿ ಎರಡನ್ನೂ ಸಮಾನ ಹೋಮ್ ಎಂದು ಸಿಮ್ಮಿನಲ್ಲಿ ಬರೆದಿರದಿದ್ದರೆ ಫೋನಿಗೆ ಅವು ಬೇರೆ ಬೇರೆ ನೆಟ್‌ವರ್ಕ್.

ಗಡಿ ಹಳ್ಳಿಯ ಮೇಷ್ಟ್ರೊಬ್ಬರ ಮನೆಯ ಒಳಕೋಣೆಯಲ್ಲಿ ಅಳೆದಾಗ ಕರ್ನಾಟಕದ ಟವರ್ −117 ಡಿಬಿಎಂ, ಅದೇ ಕಂಪನಿಯ ಮಹಾರಾಷ್ಟ್ರದ ಟವರ್ −93, ಅಂದರೆ ಎಷ್ಟೋ ಜೋರು. ಫೋನು ಅಂಟಿಕೊಂಡಿದ್ದು −117ಕ್ಕೆ, ಕರೆ ಕಡಿದುಹೋಗುತ್ತಿತ್ತು. ಪಟ್ಟಿ ತಿದ್ದಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಸೆಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ತೆಗೆದು, ಮಹಾರಾಷ್ಟ್ರದ್ದನ್ನು ಕೈಯಾರೆ ಆರಿಸಿ, ಡೇಟಾ ರೋಮಿಂಗ್ ಆನ್ ಮಾಡಿಸಿದೆ. ಕರೆ ಕಡಿಯುವುದು ನಿಂತಿತು. ಮರುದಿನ ಶಾಲೆಗೆ ಹೋದರೆ ಸಿಗ್ನಲ್ಲೇ ಇಲ್ಲ! ಕೈಯಾರೆ ಆರಿಸಿದರೆ ಹೆಚ್ಚಿನ ಫೋನುಗಳು ತಾವಾಗಿ ಹೋಮ್‌ಗೆ ಮರಳುವುದಿಲ್ಲ. ಹೊಸ್ತಿಲು ದಾಟುವಾಗ ಆಟೋಮ್ಯಾಟಿಕ್‌ಗೆ ಹಾಕಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ, ಪಾಪ, ವಯಸ್ಸಾದವರಿಗೆ ಇದು ದಿನಾ ನೆನಪಿರುವುದು ಕಷ್ಟ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಇದಕ್ಕಿಂತ ಎಷ್ಟೋ ಮೇಲು.

ಬಾಜೂ ಮನೆಯವರ ಬೇರೆ ಕಂಪನಿಯ ನೆಟ್‌ವರ್ಕ್ ಆರಿಸುವವರೂ ಇದ್ದಾರೆ. ಒಪ್ಪಂದವಿಲ್ಲದಿದ್ದರೆ ಅದು ನಿರಾಕರಿಸುತ್ತದೆ, ಸಿಮ್ಮು ಅದನ್ನು ನಿಷೇಧಿತ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಕಡ್ಡಿ ಎಷ್ಟಿದ್ದರೂ ಉಪಯೋಗವಿಲ್ಲ.

ಹೋಮ್ ಸಿಗ್ನಲ್ ಒಂದಿಷ್ಟೂ ಬಾರದ ಮನೆಯಲ್ಲಿ ಮಾತ್ರ ಪಟ್ಟಿ ತಿದ್ದುವುದಕ್ಕೆ ಅರ್ಥವಿದೆ. ಈಗಿನ ಬಹುತೇಕ ಫೋನುಗಳಲ್ಲಿ ಆ ಮೆನು ಇಲ್ಲ. ಯುಎಸ್‌ಬಿ ಡಾಂಗಲ್‌ಗೆ ಸಿಮ್ ಹಾಕಿ, ಹಳೆಯ ಪಟ್ಟಿಯನ್ನು ಓದಿ ಬರೆದಿಟ್ಟುಕೊಂಡು, ಆಮೇಲೆ ಮೊದಲ ಸಾಲು ತಿದ್ದಬೇಕು:

```
AT+CPOL?
AT+CPOL=1,2,"40466"
```

ಡಾಂಗಲ್ ERROR ಎಂದರೆ ಅದು ಈ ಆಜ್ಞೆಯನ್ನು ಒಪ್ಪುತ್ತಿಲ್ಲ, ಇಲ್ಲವೇ 4ಜಿ ಎಂದೂ ಸೇರಿಸಿ ಬರೆಯಲು ಕೇಳುತ್ತಿದೆ. ಮೊದಲು ಅದರ ಕೈಪಿಡಿ ನೋಡಿ, ಅಂದಾಜಿನ ಮೇಲೆ ಮತ್ತೆ ಮತ್ತೆ ಬರೆಯಬೇಡಿ.