ನಾಲ್ಕು ಸ್ವರ, ನಾಲ್ಕು ದಾರಿ: ಡಿಮಿನಿಶ್ಡ್ ಸೆವೆಂತ್ ಕಾರ್ಡ್‌ನ ಗುಟ್ಟು

ಮಂಗಳೂರಿನ ಇಗರ್ಜಿಗಳ ಕೊಯರ್‌ಗಳಲ್ಲಿ ಕೀಬೋರ್ಡ್ ನುಡಿಸುವವರಿಗೆ ಒಂದು ಪುಟ್ಟ ತಾಪತ್ರಯ ಆಗಾಗ ಎದುರಾಗುತ್ತದೆ. ಒಂದು ಗೀತೆ ಸಿ ಸ್ಕೇಲಿನಲ್ಲಿ ಮುಗಿಯುತ್ತದೆ. ಮುಂದಿನದು ಇ ಫ್ಲ್ಯಾಟ್‌ನಲ್ಲಿ ಶುರುವಾಗಬೇಕು. ನಡುವೆ ಸಿಗುವುದು ಕೆಲವೇ ಸೆಕೆಂಡು. ನಿಲ್ಲಿಸಿ, ಹೊಸ ಶ್ರುತಿ ಕೊಟ್ಟು, ಮತ್ತೆ ಶುರು ಮಾಡಿದರೆ ಪ್ರಾರ್ಥನೆಯ ಓಟ ಕಡಿಯುತ್ತದೆ. ನುರಿತವರು ಇಲ್ಲಿ ಮಾಡುವುದು ಒಂದೇ ಕೆಲಸ. ನಾಲ್ಕು ಸ್ವರಗಳ ಒಂದು ವಿಚಿತ್ರ ಕಾರ್ಡ್ ಒತ್ತುತ್ತಾರೆ, ಒಂದು ಬೆರಳನ್ನು ಚೂರು ಸರಿಸುತ್ತಾರೆ, ಹೊಸ ಸ್ಕೇಲಿಗೆ ಬಂದಿಳಿಯುತ್ತಾರೆ. ಆ ಕಾರ್ಡ್‌ನ ಹೆಸರು ಡಿಮಿನಿಶ್ಡ್ ಸೆವೆಂತ್.

ಅದನ್ನು ಕಟ್ಟುವುದು ಸುಲಭ. ಕೀಬೋರ್ಡ್‌ನಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಮನೆಗಳು. ಕಪ್ಪು ಬಿಳಿ ಎಲ್ಲ ಸೇರಿಸಿ ಲೆಕ್ಕ. ಅವನ್ನು ಗಡಿಯಾರದ ಮುಖದಂತೆ ಸುತ್ತ ಜೋಡಿಸಿಕೊಳ್ಳಿ. ಹನ್ನೆರಡು, ಮೂರು, ಆರು, ಒಂಬತ್ತು, ಈ ನಾಲ್ಕು ಅಂಕಿಗಳ ಜಾಗದಲ್ಲಿರುವ ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಮುಗಿಯಿತು. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಮೂರು ಮನೆ ದೂರ. ಬಿ ಇಂದ ಹೊರಟರೆ ಬಿ, ಡಿ, ಎಫ್, ಎ ಫ್ಲ್ಯಾಟ್ ಸಿಗುತ್ತವೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಬಿಳಿ 7, ಬಿಳಿ 2, ಬಿಳಿ 4, ಕಪ್ಪು 4. ಬಿಳಿ 1 ನಿಮ್ಮ ಷಡ್ಜವಾದರೆ ಇವು ಕಾಕಲಿ ನಿಷಾದ, ಚತುಶ್ರುತಿ ರಿಷಭ, ಶುದ್ಧ ಮಧ್ಯಮ, ಶುದ್ಧ ಧೈವತ. ಎ ಫ್ಲ್ಯಾಟ್‌ನಿಂದ ಇನ್ನೂ ಮೂರು ಮನೆ ಹೋದರೆ ಮತ್ತೆ ಬಿ. ಸುತ್ತು ಪೂರ್ತಿಯಾಯಿತು.

ಇದರಿಂದ ಒಂದು ತಮಾಷೆಯ ಫಲ ಇದೆ. ಬಿ ಇಂದ ಕಟ್ಟಿದರೂ, ಡಿ ಇಂದ ಕಟ್ಟಿದರೂ, ಎಫ್ ಅಥವಾ ಎ ಫ್ಲ್ಯಾಟ್‌ನಿಂದ ಕಟ್ಟಿದರೂ ಕೈಗೆ ಸಿಗುವುದು ಅದೇ ನಾಲ್ಕು ಮನೆ. ಹಾಗಾಗಿ ಇಡೀ ಕೀಬೋರ್ಡ್‌ನಲ್ಲಿ ಇಂಥ ಕಾರ್ಡ್‌ಗಳು ಇರುವುದು ಮೂರೇ ಮೂರು.

ಈ ಸಮ ಅಂತರ ಕಿವಿಗೆ ಏನು ಮಾಡುತ್ತದೆ ಎಂಬುದೇ ಇಲ್ಲಿನ ಮುಖ್ಯ ವಿಷಯ. ಕರ್ನಾಟಕ ಸಂಗೀತ ಕಲಿತವರಿಗೆ ಗ್ರಹಭೇದ ಗೊತ್ತಿರುತ್ತದೆ. ಮೋಹನದ ಸ್ವರಗಳನ್ನೇ ಇಟ್ಟುಕೊಂಡು ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ ಬರುತ್ತದೆ. ಗಾಂಧಾರವನ್ನು ಷಡ್ಜ ಮಾಡಿದರೆ ಹಿಂದೋಳ. ಹೀಗೆ ಬೇರೆ ಬೇರೆ ರಾಗ ಹುಟ್ಟಲು ಕಾರಣ, ಮೋಹನದ ಸ್ವರಗಳ ನಡುವಿನ ಅಂತರ ಒಂದೇ ಸಮ ಇಲ್ಲದಿರುವುದು. ಮನೆಗಳಲ್ಲಿ ಎಣಿಸಿದರೆ ಎರಡು, ಎರಡು, ಮೂರು, ಎರಡು, ಮೂರು. ಈ ಏರುಪೇರನ್ನೇ ಗುರುತು ಹಿಡಿದು ಕಿವಿ ತಾನು ಎಲ್ಲಿದ್ದೇನೆ ಎಂದು ತಿಳಿದುಕೊಳ್ಳುತ್ತದೆ. ಈಗ ನಮ್ಮ ಕಾರ್ಡ್‌ಗೆ ಗ್ರಹಭೇದ ಮಾಡಿ ನೋಡಿ. ಮೂರು, ಮೂರು, ಮೂರು, ಮೂರು. ಯಾವ ಸ್ವರವನ್ನು ಷಡ್ಜ ಮಾಡಿದರೂ ಅದೇ ಆಕಾರ. ಗುರುತು ಹಿಡಿಯಲು ಏನೂ ಇಲ್ಲ. ಕಾರ್ಡ್ ಕಿವಿಗೆ ಬಿದ್ದಾಗ ಎಲ್ಲಿಗೋ ಹೋಗಬೇಕೆಂಬ ತುಡಿತ ಮಾತ್ರ ಕೇಳಿಸುತ್ತದೆ, ಎಲ್ಲಿಗೆ ಎಂಬುದನ್ನು ಕಾರ್ಡ್ ಹೇಳುವುದೇ ಇಲ್ಲ.

ತುಡಿತ ಎಲ್ಲಿಂದ ಬರುತ್ತದೆ? ಸಿ ಸ್ಕೇಲಿನಲ್ಲಿ ಬಿ ಎಂಬ ಸ್ವರ ಸಿ ಗಿಂತ ಒಂದೇ ಮನೆ ಕೆಳಗಿದೆ, ಮೇಲಕ್ಕೆ ಜಾರಲು ಕಾಯುತ್ತಿರುತ್ತದೆ. ಕಾಕಲಿ ನಿಷಾದದಲ್ಲಿ ನಿಂತರೆ ಷಡ್ಜಕ್ಕೆ ಹೋಗಲೇಬೇಕು ಅನ್ನಿಸುತ್ತದಲ್ವಾ, ಅದೇ. ಆದರೆ ಕಾರ್ಡ್‌ನ ನಾಲ್ಕೂ ಸ್ವರಗಳು ಸಮಾನವಾದ್ದರಿಂದ ಈ ಕೆಲಸವನ್ನು ಯಾವುದು ಬೇಕಾದರೂ ಮಾಡಬಲ್ಲದು. ಬಿ ಏರಿದರೆ ಸಿ. ಡಿ ಏರಿದರೆ ಇ ಫ್ಲ್ಯಾಟ್. ಎಫ್ ಏರಿದರೆ ಎಫ್ ಶಾರ್ಪ್. ಎ ಫ್ಲ್ಯಾಟ್ ಏರಿದರೆ ಎ. ಒಂದೇ ಕಾರ್ಡ್‌ನಿಂದ ನಾಲ್ಕು ಸ್ಕೇಲಿಗೆ ಬಾಗಿಲು. ಮೂರು ಕಾರ್ಡ್ ಸೇರಿದರೆ ಹನ್ನೆರಡು ಸ್ಕೇಲುಗಳೂ ಬಂದವು.

ಇದನ್ನು ಕೈಯಲ್ಲೇ ಪರೀಕ್ಷಿಸಬಹುದು. ಮೊದಲು ಸಿ ಕಾರ್ಡ್ ನುಡಿಸಿ. ನಂತರ ಬಿ, ಡಿ, ಎಫ್, ಎ ಫ್ಲ್ಯಾಟ್ ಒತ್ತಿ ಹಿಡಿಯಿರಿ. ಈಗ ಬಿ ಮೇಲಿರುವ ಬೆರಳನ್ನು ಮಾತ್ರ ಒಂದು ಮನೆ ಕೆಳಗಿಳಿಸಿ, ಬಿ ಫ್ಲ್ಯಾಟ್‌ಗೆ. ಉಳಿದ ಮೂರು ಬೆರಳು ಅಲುಗಾಡಬಾರದು. ಕೈಯಲ್ಲಿರುವುದು ಈಗ ಬಿ ಫ್ಲ್ಯಾಟ್ ಸೆವೆಂತ್. ಅದು ಇ ಫ್ಲ್ಯಾಟ್ ಸ್ಕೇಲಿನ ಪಂಚಮದ ಮೇಲೆ ಕಟ್ಟಿದ ಕಾರ್ಡ್, ಅಲ್ಲಿಗೇ ಕರೆದೊಯ್ಯುತ್ತದೆ. ಡಿ ಏರಿ ಇ ಫ್ಲ್ಯಾಟ್ ಆಗುತ್ತದೆ, ಎ ಫ್ಲ್ಯಾಟ್ ಇಳಿದು ಜಿ ಆಗುತ್ತದೆ, ಬಿ ಫ್ಲ್ಯಾಟ್ ಇದ್ದಲ್ಲೇ ಇರುತ್ತದೆ. ಸಿ ಇಂದ ಇ ಫ್ಲ್ಯಾಟ್ ತಲುಪಿದ್ದಾಯಿತು.

ಮತ್ತೆ ಮೊದಲಿನ ಕಾರ್ಡ್‌ಗೆ ಬನ್ನಿ. ಈ ಸಲ ಎಫ್ ಅನ್ನು ಇ ಗೆ ಇಳಿಸಿ. ಬಂದದ್ದು ಇ ಸೆವೆಂತ್, ಹೋಗುವುದು ಎ ಸ್ಕೇಲಿಗೆ. ಡಿ ಅನ್ನು ಇಳಿಸಿದರೆ ಎಫ್ ಶಾರ್ಪ್‌ಗೆ ದಾರಿ. ಎ ಫ್ಲ್ಯಾಟ್ ಅನ್ನು ಜಿ ಗೆ ಇಳಿಸಿದರೆ ಜಿ ಸೆವೆಂತ್, ಹೊರಟ ಸಿ ಗೇ ವಾಪಸ್. ಯಾವ ಬೆರಳು ಇಳಿಯಿತು ಎಂಬುದೊಂದೇ ವ್ಯತ್ಯಾಸ. ಅದು ಇಳಿಯುವವರೆಗೆ ಕೇಳುಗರಿಗೆ ಏನೂ ಗೊತ್ತಾಗುವುದಿಲ್ಲ. ಸಿ ಮತ್ತು ಎಫ್ ಶಾರ್ಪ್ ಸ್ಕೇಲುಗಳ ನಡುವೆ ಸಾಮಾನ್ಯ ಸ್ವರಗಳೇ ತೀರಾ ಕಡಿಮೆ. ಬೇರೆ ದಾರಿಯಲ್ಲಿ ಹೋದರೆ ನಾಲ್ಕಾರು ಕಾರ್ಡ್ ದಾಟಬೇಕಾಗುವ ದೂರ ಅದು. ಇಲ್ಲಿ ಒಂದು ಬೆರಳಿನಲ್ಲಿ ಮುಗಿಯುತ್ತದೆ.

ಕೊನೆಯ ಚರಣವನ್ನು ಅರ್ಧ ಸ್ವರ ಏರಿಸಿ ಹಾಡುವ ರೂಢಿ ನಮ್ಮ ಕೊಯರ್‌ಗಳಲ್ಲೂ ಇದೆ. ಅದಕ್ಕೆ ಬೇರೆ ಕಾರ್ಡ್ ಬೇಕು: ಸಿ, ಇ ಫ್ಲ್ಯಾಟ್, ಜಿ ಫ್ಲ್ಯಾಟ್, ಎ. ಅಲ್ಲಿ ಸಿ ಏರಿ ಡಿ ಫ್ಲ್ಯಾಟ್ ಆಗುತ್ತದೆ. ಈ ಏರಿಸುವ ಚಾಳಿ ನನಗೇನೂ ಅಷ್ಟು ಇಷ್ಟವಿಲ್ಲ, ಆದರೆ ಮದುವೆ ಪೂಜೆಗಳಲ್ಲಿ ಬೇಡ ಅಂದರೆ ಕೇಳುವವರು ಯಾರು.

ದೊಡ್ಡವರು ಇದನ್ನು ಹೇಗೆ ಬಳಸಿದರು ನೋಡಬೇಕಾದರೆ ಬೀಥೋವನ್ 1799ರಲ್ಲಿ ಪ್ರಕಟಿಸಿದ ಪತೆಟೀಕ್ ಸೊನಾಟಾದ ಮೊದಲ ಭಾಗ ಕೇಳಿ. ಆರಂಭದ ಭಾರವಾದ ನಿಧಾನಗತಿ ನಡುವೆ ಮತ್ತೊಮ್ಮೆ ಮರಳುತ್ತದೆ, ಈ ಸಲ ಜಿ ಮೈನರ್‌ನಲ್ಲಿ. ಅಲ್ಲಿ ಎಫ್ ಶಾರ್ಪ್, ಎ, ಸಿ, ಇ ಫ್ಲ್ಯಾಟ್ ಎಂಬ ಡಿಮಿನಿಶ್ಡ್ ಸೆವೆಂತ್ ಬರುತ್ತದೆ. ಜಿ ಮೈನರ್‌ಗೆ ಅದು ಮನೆಯ ಕಾರ್ಡ್, ಎಫ್ ಶಾರ್ಪ್ ಏರಿ ಜಿ ಆಗಬೇಕು. ಆದರೆ ಬೀಥೋವನ್ ಅದೇ ಮನೆಗಳನ್ನು ಉಳಿಸಿಕೊಂಡು ಇ ಫ್ಲ್ಯಾಟ್ ಅನ್ನು ಡಿ ಶಾರ್ಪ್ ಎಂದು ಬರೆದುಬಿಡುತ್ತಾನೆ. ಡಿ ಶಾರ್ಪ್ ಏರಿದರೆ ಇ. ಮುಂದಿನ ವೇಗದ ಭಾಗ ಇ ಮೈನರ್‌ನಲ್ಲಿ ಶುರುವಾಗುತ್ತದೆ. ಹೆಸರು ಬದಲಾದದ್ದು ಕಾಗದದ ಮೇಲೆ, ನುಡಿಸುವವರ ಬೆರಳು ಒತ್ತುವುದು ಅದೇ ಮನೆ. ನೆಲ ಕುಸಿದದ್ದು ಕೇಳುಗರಿಗೆ ತಿಳಿಯುವುದು ಒಂದು ಕ್ಷಣ ತಡವಾಗಿ.

ಇಷ್ಟು ಸುಲಭವಾದರೆ ಎಲ್ಲ ಕಡೆ ಇದನ್ನೇ ಏಕೆ ಬಳಸಬಾರದು? ಬಳಸಿ ಹಾಳುಮಾಡಿದವರೂ ಇದ್ದಾರೆ. ಈ ಕಾರ್ಡ್‌ಗಳನ್ನು ಒಂದರ ಹಿಂದೆ ಒಂದು ಜಾರಿಸುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲೇ ತುಡಿತ ಸತ್ತುಹೋಗುತ್ತದೆ, ಏಕೆಂದರೆ ಮೂರೂ ಕೇಳಲು ಒಂದೇ ಥರ. ಹಳೆಯ ಸಿನಿಮಾಗಳಲ್ಲಿ ಖಳನಾಯಕ ಬಂದಾಗಲೆಲ್ಲ ಇದನ್ನು ನಡುಗಿಸಿ ನಡುಗಿಸಿ ನುಡಿಸಿದ್ದರಿಂದ ಅದಕ್ಕೊಂದು ನಾಟಕದ ವಾಸನೆಯೂ ಅಂಟಿಕೊಂಡಿದೆ.

ಕೊಯರ್‌ನಲ್ಲಿ ಆಗುವ ಎಡವಟ್ಟು ಬೇರೆ. ನುಡಿಸುವವರು ಡಿಮಿನಿಶ್ಡ್ ಒತ್ತಿ ನೇರ ಇ ಫ್ಲ್ಯಾಟ್‌ಗೆ ಹಾರುತ್ತಾರೆ. ಅವರು ತಲುಪಿದರು, ಹಾಡುವವರು ತಲುಪಲಿಲ್ಲ. ಕಾರ್ಡ್ ಹಳೆಯ ಸ್ಕೇಲನ್ನು ಸಡಿಲ ಮಾಡಿತು ಅಷ್ಟೆ, ಹೊಸದನ್ನು ಕಿವಿಯಲ್ಲಿ ಕೂರಿಸಲಿಲ್ಲ. ಮೊದಲ ಸಾಲಿನಲ್ಲೇ ಇದು ಗೊತ್ತಾಗುತ್ತದೆ. ಎ ಫ್ಲ್ಯಾಟ್ ಬರಬೇಕಾದ ಕಡೆ ಕೆಲವರು ಎ ಹಾಡುತ್ತಾರೆ, ಏಕೆಂದರೆ ಅವರು ಇನ್ನೂ ಸಿ ಸ್ಕೇಲಿನಲ್ಲೇ ಇದ್ದಾರೆ. ಇದಕ್ಕೆ ಮದ್ದು, ಕಾರ್ಡ್ ಹಿಡಿದಿರುವಾಗಲೇ ಎಡಗೈಯಲ್ಲಿ ಕೆಳಗೆ ಬಿ ಫ್ಲ್ಯಾಟ್ ಸೇರಿಸುವುದು. ಹೊಸ ಸ್ಕೇಲಿನ ಪಂಚಮ ಅಡಿಯಲ್ಲಿ ನಿಂತಿತು, ಸಮತೆ ಮುರಿಯಿತು, ಕಿವಿಗೆ ಗುರುತು ಸಿಕ್ಕಿತು. ಆಮೇಲೆ ಬಲಗೈಯ ಬಿ ಯನ್ನು ಇಳಿಸಿ, ಬಿ ಫ್ಲ್ಯಾಟ್ ಸೆವೆಂತನ್ನು ಒಂದು ಪೂರ್ತಿ ತಾಳ ನಿಲ್ಲಿಸಿ, ನಂತರ ಇ ಫ್ಲ್ಯಾಟ್‌ಗೆ ಹೋದರೆ ಎಲ್ಲರೂ ಜೊತೆಗಿರುತ್ತಾರೆ.

ಇಷ್ಟು ಹೊತ್ತು ಹೇಳಿದ ಸಮತೆ ಪ್ರಕೃತಿಯಲ್ಲಿ ಇಲ್ಲ. ಅದು ನಾವು ವಾದ್ಯಕ್ಕೆ ಶ್ರುತಿ ಮಾಡುವ ರೀತಿಯಿಂದ ಬಂದದ್ದು. ಮೂರು ಮನೆ ದೂರದ ಎರಡು ಸ್ವರಗಳು ಕಿವಿಗೆ ಅತ್ಯಂತ ಹಿತವಾಗಿ ಹೊಂದುವುದು ಅವುಗಳ ಕಂಪನಸಂಖ್ಯೆಗಳು 6ಕ್ಕೆ 5ರ ಅನುಪಾತದಲ್ಲಿದ್ದಾಗ, ಅಂದರೆ ಒಂದು ಇನ್ನೊಂದರ 1.2 ಪಟ್ಟು ಇದ್ದಾಗ. 440 ಹರ್ಟ್ಜ್‌ನ ಎ ಇಂದ ಹೊರಟು ನಾಲ್ಕು ಸಲ 1.2ರಿಂದ ಗುಣಿಸಿ. 528, 633.6, 760.3, ಕೊನೆಗೆ 912.4. ಆದರೆ ಮೇಲಿನ ಎ ಇರುವುದು 880ರಲ್ಲಿ. ಸುತ್ತು ಕೂಡಲೇ ಇಲ್ಲ. ಅರ್ಧ ಸ್ವರದ ಅರ್ಧಕ್ಕಿಂತ ಜಾಸ್ತಿ ದಾಟಿಹೋಯಿತು. ಕೀಬೋರ್ಡ್ ಮತ್ತು ಪಿಯಾನೋಗಳಲ್ಲಿ ಹನ್ನೆರಡು ಮನೆಗಳನ್ನೂ ಸಮನಾಗಿ ಹಂಚಿರುವುದರಿಂದ ಪ್ರತಿ ಹೆಜ್ಜೆ 1.2ರ ಬದಲು ಸುಮಾರು 1.189 ಪಟ್ಟು. ಒಂದೊಂದೂ ಚೂರು ಕಿರಿದು, ಅದಕ್ಕೇ ನಾಲ್ಕು ಹೆಜ್ಜೆಗೆ ಸರಿಯಾಗಿ 880.

ಮನುಷ್ಯರ ಗಂಟಲಿಗೆ ಈ ಹಂಚಿಕೆಯ ಹಂಗಿಲ್ಲ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಇಲ್ಲಿ ಕನ್ನಡ ಕೀರ್ತನೆಗಳನ್ನು ನಾಲ್ಕು ದನಿಗಳಲ್ಲಿ ಹಾಡುವ ಅಭ್ಯಾಸ ಬೆಳೆದಿದೆ. ವಾದ್ಯವಿಲ್ಲದೆ ಹಾಡುವಾಗ ಒಳ್ಳೆಯ ಗಾಯಕರು ತಮಗೆ ತಿಳಿಯದೆಯೇ ಹಿತವಾದ ಅನುಪಾತದ ಕಡೆಗೆ ವಾಲುತ್ತಾರೆ. ಅಂಥ ಕಡೆ ಡಿಮಿನಿಶ್ಡ್ ಮೂಲಕ ಸ್ಕೇಲ್ ದಾಟಿದರೆ ಇಡೀ ಗುಂಪಿನ ಶ್ರುತಿ ಏರುವ ಅಥವಾ ಇಳಿಯುವ ಅಪಾಯ ಇರುತ್ತದೆ. ಕೊನೆಯಲ್ಲಿ ಕೀಬೋರ್ಡ್‌ನ ಒಂದು ಸ್ವರ ಮುಟ್ಟಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಅದಕ್ಕೇ ಹಾಳೆಯಲ್ಲಿ ಸ್ವರದ ಹೆಸರು ಸರಿಯಾಗಿ ಬರೆದಿರಬೇಕು. ಕೀಬೋರ್ಡ್‌ಗೆ ಬಿ ಆದರೇನು, ಸಿ ಫ್ಲ್ಯಾಟ್ ಆದರೇನು. ಆಲ್ಟೊ ಹಾಡುವವರಿಗೆ ಹಾಗಲ್ಲ. ಬಿ ಎಂದು ಕಂಡರೆ ಅವರು ಸಿ ಗೆ ಏರಲು ಸಿದ್ಧರಾಗಿ ಸ್ವರವನ್ನು ಚೂರು ಮೇಲಕ್ಕೆ ಹಿಡಿಯುತ್ತಾರೆ. ಸಿ ಫ್ಲ್ಯಾಟ್ ಎಂದು ಕಂಡರೆ ಬಿ ಫ್ಲ್ಯಾಟ್‌ಗೆ ಇಳಿಯಬೇಕೆಂದು ಅವರಿಗೆ ಮೊದಲೇ ತಿಳಿದಿರುತ್ತದೆ.