ಟ್ಯಾಂಕಿನ ಯಾವ ತೂತಿನ ನೀರು ಹೆಚ್ಚು ದೂರ ಹಾರುತ್ತದೆ?

ಹೈಸ್ಕೂಲಿನ ವಿಜ್ಞಾನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಚಿತ್ರ ಇರುತ್ತದೆ. ಉದ್ದನೆಯ ಡಬ್ಬ, ಅದರ ಪಕ್ಕದಲ್ಲಿ ಮೇಲೆ, ನಡುವೆ, ಕೆಳಗೆ ಮೂರು ತೂತು. ಮೇಲಿನ ತೂತಿನ ನೀರು ಹತ್ತಿರವೇ ಬೀಳುತ್ತದೆ, ನಡುವಿನದು ಸ್ವಲ್ಪ ಆಚೆ, ಕೆಳಗಿನದು ಎಲ್ಲಕ್ಕಿಂತ ದೂರ. ಆಳ ಹೆಚ್ಚಿದಷ್ಟು ಒತ್ತಡ ಜಾಸ್ತಿ ಎಂದು ತೋರಿಸಲು ಬರೆದ ಚಿತ್ರ ಅದು. ಆ ಮಾತು ನಿಜ. ಆದರೆ ಡಬ್ಬ ನೆಲದ ಮೇಲೆಯೇ ಕೂತಿದ್ದರೆ ಚಿತ್ರ ತಪ್ಪು.

ಉಡುಪಿ ಕಡೆಯ ಮನೆಗಳಲ್ಲಿ ಇದನ್ನು ಪರೀಕ್ಷಿಸಲು ಬೇಕಾದ್ದೆಲ್ಲ ಅಂಗಳದಲ್ಲೇ ಸಿಗುತ್ತದೆ. ಹದಿನೈದು ಕಿಲೋದ ಖಾಲಿ ಎಣ್ಣೆ ಟಿನ್ನು, ಒಂದು ಬಾಲ್ದಿ ನೀರು, ಅಳತೆ ಟೇಪು. ಟಿನ್ನಿನ ಮೇಲ್ಭಾಗ ಕತ್ತರಿಸಿ ತೆಗೆಯಿರಿ. ನೀರು 32 ಸೆಂ.ಮೀ. ಎತ್ತರಕ್ಕೆ ನಿಲ್ಲಲಿ. ಆ ಮಟ್ಟದಿಂದ ಕೆಳಕ್ಕೆ 8, 16 ಮತ್ತು 24 ಸೆಂ.ಮೀ. ಆಳದಲ್ಲಿ ನಾಲ್ಕು ಮಿ.ಮೀ.ನ ಮೂರು ತೂತು ಕೊರೆಯಿರಿ. ಮೊಳೆ ಹೊಡೆದು ತೂತು ಮಾಡಬೇಡಿ. ಮೊಳೆ ತಗಡನ್ನು ಒಳಕ್ಕೆ ಮಡಚುತ್ತದೆ, ಅಂಚು ಹರಕು ಹರಕಾಗುತ್ತದೆ, ನೀರು ಓರೆಯಾಗಿ ಹೊರಡುತ್ತದೆ. ಡ್ರಿಲ್ಲಿನಿಂದ ಕೊರೆದು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿದರೆ ಧಾರೆ ಗಾಜಿನ ಕಡ್ಡಿಯ ಹಾಗೆ ನೇರ ಬರುತ್ತದೆ. ಮೂರೂ ತೂತು ಒಂದರ ಕೆಳಗೊಂದು ಇರಬಾರದು, ಅಕ್ಕಪಕ್ಕ ಸರಿಸಿ ಕೊರೆಯಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ಲೆಕ್ಕ. ತೂತಿನಿಂದ ಹೊರಬರುವ ನೀರಿನ ವೇಗ ಎಷ್ಟು? ಇದಕ್ಕೆ ಉತ್ತರ ಕೊಟ್ಟವನು ಇಟಲಿಯ ಟೊರಿಚೆಲ್ಲಿ. ಗೆಲಿಲಿಯೋನ ಕೊನೆಯ ತಿಂಗಳುಗಳಲ್ಲಿ ಜೊತೆಗಿದ್ದವನು. 1644ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ನಿಯಮ ಇದೆ. ನೀರಿನ ಮೇಲ್ಮಟ್ಟದಿಂದ ತೂತಿನ ತನಕ ಒಂದು ಕಲ್ಲನ್ನು ಸುಮ್ನೆ ಕೈಬಿಟ್ಟರೆ ಅದಕ್ಕೆ ಎಷ್ಟು ವೇಗ ಬರುತ್ತದೋ, ತೂತಿನಿಂದ ಹೊರಡುವ ನೀರಿಗೂ ಅಷ್ಟೇ ವೇಗ. ಹಾಗಾಗಿ ಆಳದ ತೂತಿನ ನೀರು ಜೋರಾಗಿ ಬರುತ್ತದೆ. ಇಲ್ಲಿಯವರೆಗೆ ಪುಸ್ತಕದ ಚಿತ್ರ ಸರಿ.

ಆದರೆ ದೂರ ಹೋಗಲು ವೇಗ ಒಂದೇ ಸಾಲದು, ಸಮಯವೂ ಬೇಕು. ನೀರು ಅಡ್ಡಕ್ಕೆ ಹೊರಟ ಕ್ಷಣದಿಂದಲೇ ಬೀಳಲು ಶುರು ಮಾಡುತ್ತದೆ. ನೆಲ ಮುಟ್ಟಿತು ಅಂದರೆ ಪ್ರಯಾಣ ಮುಗಿಯಿತು. ಕೆಳಗಿನ ತೂತಿಗೆ ವೇಗ ಇದೆ, ಆದರೆ ನೆಲ ತೀರಾ ಹತ್ತಿರ. ಮೇಲಿನ ತೂತಿಗೆ ಬೇಕಾದಷ್ಟು ಸಮಯ ಇದೆ, ಆದರೆ ವೇಗ ಇಲ್ಲ. ವೇಗವನ್ನು ಸಮಯದಿಂದ ಗುಣಿಸಿದರೆ ನೀರು ಹಾರುವ ದೂರ ಸಿಗುತ್ತದೆ:

```
R = 2 √(h × a)
```

ಇಲ್ಲಿ h ಅಂದರೆ ನೀರಿನ ಮಟ್ಟದಿಂದ ತೂತಿನ ಆಳ, a ಅಂದರೆ ನೆಲದಿಂದ ತೂತಿನ ಎತ್ತರ, R ಅಂದರೆ ದೂರ. ಗುರುತ್ವದ g ಇದರಲ್ಲಿ ಎಲ್ಲೂ ಇಲ್ಲ, ಗಮನಿಸಿದ್ರಾ? ವೇಗದಲ್ಲಿ ಒಮ್ಮೆ ಬಂದು, ಬೀಳುವ ಸಮಯದಲ್ಲಿ ಇನ್ನೊಮ್ಮೆ ಬಂದು, ಗುಣಿಸುವಾಗ ಹೊಡೆದುಹೋಯಿತು. ಚಂದ್ರನ ಮೇಲೆ ಗಾಳಿ ತುಂಬಿದ ಕೋಣೆ ಕಟ್ಟಿ ಇದೇ ಟಿನ್ನು ಇಟ್ಟರೂ ನೀರು ಅಷ್ಟೇ ದೂರಕ್ಕೆ ಬೀಳುತ್ತದೆ. ನಿಧಾನಕ್ಕೆ ಹೊರಟು ನಿಧಾನಕ್ಕೆ ಬೀಳುತ್ತದೆ, ಅಷ್ಟೇ.

ನಮ್ಮ ಟಿನ್ನಿಗೆ ಬರೋಣ. ಅದು ನೆಲದ ಮೇಲಿರುವಾಗ h ಮತ್ತು a ಕೂಡಿದರೆ ಯಾವಾಗಲೂ 32. ಎರಡರ ಮೊತ್ತ ಬದಲಾಗದಿದ್ದಾಗ ಗುಣಲಬ್ಧ ಯಾವಾಗ ದೊಡ್ಡದು? ಇದಕ್ಕೆ ಕ್ಯಾಲ್ಕುಲಸ್ ಬೇಡ. ತೂತು ನಡುಮಟ್ಟದಿಂದ x ಸೆಂ.ಮೀ. ಮೇಲೋ ಕೆಳಗೋ ಇದೆ ಅಂದುಕೊಳ್ಳಿ. ಆಗ ಗುಣಲಬ್ಧ (16 − x) × (16 + x), ಅಂದರೆ 256 − x². x ಸೊನ್ನೆ ಆದಾಗಲೇ ಇದು ಅತಿ ದೊಡ್ಡದು. ಹಾಗಾಗಿ ಸರಿಯಾಗಿ ನಡುವೆ ಇರುವ ತೂತಿನ ನೀರೇ ಎಲ್ಲಕ್ಕಿಂತ ದೂರ ಹೋಗುತ್ತದೆ. ಎಷ್ಟು ದೂರ? 2 × 16, ಅಂದರೆ 32 ಸೆಂ.ಮೀ. ನೀರು ಎಷ್ಟು ಎತ್ತರ ನಿಂತಿದೆಯೋ ಅಷ್ಟೇ ದೂರ.

x ಮೇಲಿದ್ದರೂ ಕೆಳಗಿದ್ದರೂ ಉತ್ತರ ಒಂದೇ ಬರುತ್ತದೆ. ಹಾಗಾಗಿ 8 ಸೆಂ.ಮೀ. ಆಳದ ತೂತಿಗೂ 24 ಸೆಂ.ಮೀ. ಆಳದ ತೂತಿಗೂ ದೂರ ಒಂದೇ, 27.7 ಸೆಂ.ಮೀ. ಬೀಳುವ ರೀತಿ ಮಾತ್ರ ಬೇರೆ. ಮೇಲಿನದು ನೆಲಕ್ಕೆ 60 ಡಿಗ್ರಿ ಕೋನದಲ್ಲಿ ಕಡಿದಾಗಿ ಬೀಳುತ್ತದೆ, ಕೆಳಗಿನದು 30 ಡಿಗ್ರಿಯಲ್ಲಿ ಜಾರುವಂತೆ ಬಂದು ತಾಗುತ್ತದೆ. ನಡುವಿನದು ಸರಿಯಾಗಿ 45 ಡಿಗ್ರಿ.

ಒಂದೇ ಸಾಲಿನಲ್ಲಿ ತೂತು ಕೊರೆಯಬೇಡಿ ಅಂದದ್ದು ಇದಕ್ಕೇ. ಎರಡು ಧಾರೆಗಳು ಒಂದನ್ನೊಂದು ಎಲ್ಲಿ ದಾಟುತ್ತವೆ ಎಂದು ಹೇಳಲು ಒಂದು ಸುಲಭ ಲೆಕ್ಕ ಇದೆ. ಅವುಗಳ ಆಳ ಎರಡನ್ನೂ ಕೂಡಿಸಿ. ನೀರಿನ ಮಟ್ಟದಿಂದ ಅಷ್ಟು ಕೆಳಗೆ ಅವು ಸಂಧಿಸುತ್ತವೆ. 8ಕ್ಕೆ 16 ಕೂಡಿಸಿದರೆ 24. ಅಂದರೆ ಮೇಲಿನ ಧಾರೆಯೂ ನಡುವಿನದೂ ನೆಲಕ್ಕಿಂತ 8 ಸೆಂ.ಮೀ. ಮೇಲೆ ಢಿಕ್ಕಿ ಹೊಡೆಯುತ್ತವೆ. ಆಮೇಲೆ ಅಳೆಯಲು ಏನೂ ಉಳಿಯುವುದಿಲ್ಲ, ಬರೀ ಸಿಡಿದ ಹನಿ.

ಪ್ರಯೋಗ ಕೆಡುವುದು ಹೆಚ್ಚಾಗಿ ನೀರಿನ ಮಟ್ಟದಿಂದ. ಮೂರೂ ತೂತು ತೆರೆದಿದ್ದರೆ ಈ ಟಿನ್ನಿನಲ್ಲಿ ನೀರು ಸುಮಾರು 14 ಸೆಕೆಂಡಿಗೆ ಒಂದು ಸೆಂ.ಮೀ. ಇಳಿಯುತ್ತದೆ. ಟೇಪು ಹಿಡಿದು, ಬಗ್ಗಿ, ಅಳೆದು, ಬರೆದುಕೊಳ್ಳುವಷ್ಟರಲ್ಲಿ ಒಂದು ನಿಮಿಷ ಹೋಗುತ್ತದೆ, ಮಟ್ಟ 4 ಸೆಂ.ಮೀ. ಇಳಿದಿರುತ್ತದೆ. ಆಗ ಮೇಲಿನ ತೂತಿಗೆ ಉಳಿಯುವುದು 4 ಸೆಂ.ಮೀ. ಆಳ ಮಾತ್ರ. ಅದರ ದೂರ 19.6ಕ್ಕೆ ಕುಸಿಯುತ್ತದೆ. ಕೆಳಗಿನದಕ್ಕೆ ಅಷ್ಟು ನಷ್ಟ ಇಲ್ಲ, 25.3 ಇದ್ದೇ ಇರುತ್ತದೆ. ಸಮ ಬರಬೇಕಾದ ಎರಡು ತೂತುಗಳಲ್ಲಿ ಕೆಳಗಿನದು ಗೆದ್ದಂತೆ ಕಾಣುತ್ತದೆ. ನಮ್ಮ ಪಕ್ಕದ ಮನೆಯ ಪಿಯುಸಿ ಹುಡುಗ ಹೀಗೇ ಅಳೆದು ಬಂದು, "ಅಂಕಲ್, ಪುಸ್ತಕದ ಚಿತ್ರವೇ ಸರಿ ಅಲ್ವಾ?" ಅಂದ. ಒಬ್ಬರು ಮಗ್ಗಿನಲ್ಲಿ ನೀರು ಸುರಿಯುತ್ತ ಮಟ್ಟ ಕಾಯ್ದುಕೊಳ್ಳಬೇಕು, ಇನ್ನೊಬ್ಬರು ಅಳೆಯಬೇಕು. ಸುರಿಯುವ ನೀರು ತೂತಿನ ಎದುರಿಗೇ ಬೀಳದೆ, ಟಿನ್ನಿನ ಹಿಂದಿನ ಗೋಡೆ ಸವರಿಕೊಂಡು ಇಳಿದರೆ ಒಳ್ಳೆಯದು.

ಇನ್ನೊಂದು ಮೋಸ ನಮ್ಮ ಕರಾವಳಿಯದ್ದೇ. ಮಳೆನೀರು ಹರಿದು ಹೋಗಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತೇವೆ. ನೀರು ಬೀಳುವ ಜಾಗ ಒಂದು ಸೆಂ.ಮೀ. ತಗ್ಗಿದ್ದರೆ, ಜಾರಿಕೊಂಡು ಬರುವ ಕೆಳಗಿನ ಧಾರೆ ಒಂದೂಮುಕ್ಕಾಲು ಸೆಂ.ಮೀ.ನಷ್ಟು ಮುಂದೆ ಹೋಗುತ್ತದೆ. ಕಡಿದಾಗಿ ಬೀಳುವ ಮೇಲಿನದಕ್ಕೆ ಅರ್ಧ ಸೆಂ.ಮೀ.ನಷ್ಟೇ ಲಾಭ. ಇಳಿಜಾರು ಕೂಡ ಕೆಳಗಿನ ತೂತಿನ ಪರ!

ಎಲ್ಲ ಸರಿ ಮಾಡಿದರೂ ಅಳತೆ 32ರ ಬದಲು 31ರ ಆಸುಪಾಸಿಗೆ ಬರುತ್ತದೆ. ತೂತಿನ ಅಂಚಿನಲ್ಲಿ ಉಜ್ಜಿಕೊಂಡು ಬರುವಾಗ ನೀರು ಎರಡು ಮೂರು ಶೇಕಡಾ ವೇಗ ಕಳೆದುಕೊಳ್ಳುತ್ತದೆ. ತೆಳು ತಗಡಿಗೆ ಇಷ್ಟೇ. ದಪ್ಪ ಗೋಡೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಣ್ಣ ತೂತು ಕೊರೆದರೆ ಅದು ತೂತಾಗಿ ಉಳಿಯದೆ ಪುಟ್ಟ ಕೊಳವೆ ಆಗಿಬಿಡುತ್ತದೆ. ನೀರು ಅದರ ಒಳಮೈಗೆ ಅಂಟಿಕೊಂಡು ಬಂದರೆ ವೇಗದ ನಷ್ಟ ಇನ್ನೂ ಜಾಸ್ತಿ. ಅದಕ್ಕೇ ನಾನು ಟಿನ್ನು ಅಂದದ್ದು.

ನಡುವಿನ ತೂತೇ ಗೆಲ್ಲುತ್ತದೆ ಎಂದು ಅಳೆದು ತೋರಿಸುವುದು ಅಂದುಕೊಂಡಷ್ಟು ಸುಲಭವೂ ಅಲ್ಲ. ನಡುವಿನಿಂದ 2 ಸೆಂ.ಮೀ. ಆಚೆ ಕೊರೆದರೂ ದೂರ 31.7 ಬರುತ್ತದೆ. ಈ ಮೂರು ಮಿ.ಮೀ. ವ್ಯತ್ಯಾಸ ಸಿಡಿಯುವ ಹನಿಗಳ ನಡುವೆ ಕಾಣುವುದೇ ಇಲ್ಲ. ಅದಕ್ಕೆ ಗರಿಷ್ಠ ದೂರವನ್ನೇ ಹುಡುಕುತ್ತ ಕೂರುವ ಬದಲು, ಸಮ ದೂರಕ್ಕೆ ಹಾರುವ ಮೇಲಿನ ಮತ್ತು ಕೆಳಗಿನ ತೂತುಗಳನ್ನು ಹುಡುಕಿ, ಅವುಗಳ ನಡು ಗುರುತಿಸುವುದು ಜಾಣತನ.

ಈಗ ಅದೇ ಟಿನ್ನನ್ನು 45 ಸೆಂ.ಮೀ. ಎತ್ತರದ ಜಗಲಿಯ ಅಂಚಿಗೆ ತಂದಿಡಿ. ನೀರು ಅಂಗಳಕ್ಕೆ ಬೀಳಲಿ. ಸೂತ್ರ ಅದೇ, ಆದರೆ a ಅನ್ನು ಅಂಗಳದಿಂದ ಅಳೆಯಬೇಕು. ಮೂರು ತೂತುಗಳಿಗೆ ದೂರ ಕ್ರಮವಾಗಿ 47, 62.5 ಮತ್ತು 71.3 ಸೆಂ.ಮೀ. ಕೆಳಗಿನದೇ ಎಲ್ಲಕ್ಕಿಂತ ದೂರ! ಪುಸ್ತಕದ ಚಿತ್ರ ಇದ್ದಕ್ಕಿದ್ದಂತೆ ಸರಿಯಾಯಿತು.

ನಿಯಮ ಬದಲಾಗಿಲ್ಲ. 'ನಡು' ಅನ್ನುವುದು ಟಿನ್ನಿನ ನಡು ಅಲ್ಲ, ನೀರಿನ ಮಟ್ಟಕ್ಕೂ ನೀರು ಬೀಳುವ ನೆಲಕ್ಕೂ ನಡು. ಈಗ ಆ ಅಂತರ 77 ಸೆಂ.ಮೀ., ಅದರ ಅರ್ಧ 38.5. ಟಿನ್ನು 32ಕ್ಕೇ ಮುಗಿದುಹೋಗಿದೆ. ಬೇಕಾದ ಜಾಗ ಟಿನ್ನಿನ ತಳಕ್ಕಿಂತ ಕೆಳಗೆ, ಗಾಳಿಯಲ್ಲಿದೆ. ಅಲ್ಲಿ ತೂತು ಕೊರೆಯಲು ಆಗುವುದಿಲ್ಲವಲ್ಲ, ಅದಕ್ಕೆ ಅದರ ಅತಿ ಹತ್ತಿರದ ತೂತು, ಅಂದರೆ ತಳದ್ದು, ಗೆಲ್ಲುತ್ತದೆ. 20 ಸೆಂ.ಮೀ. ಎತ್ತರದ ಕೆಂಪುಕಲ್ಲಿನ ಮೇಲಿಟ್ಟರೆ? ಒಟ್ಟು ಅಂತರ 52, ಒಳ್ಳೆಯ ಆಳ 26, ಇದು ಟಿನ್ನಿನೊಳಗೇ ಇದೆ. ಪೀಠದ ಎತ್ತರ ನೀರಿನ ಎತ್ತರವನ್ನು ಮುಟ್ಟುವ ತನಕ ಉತ್ತಮ ಜಾಗ ಟಿನ್ನಿನೊಳಗೆ ಕೆಳಕ್ಕೆ ಸರಿಯುತ್ತಾ ಬರುತ್ತದೆ, ಅಲ್ಲಿಂದ ಮುಂದೆ ತಳದ ತೂತಿಗೇ ಗೆಲುವು.

ಲೆಕ್ಕ ಮಾಡಲು ಮನಸ್ಸಿಲ್ಲದವರು ಒಂದು ದಾರ ಹಿಡಿಯಬಹುದು. ಟಿನ್ನು ನೆಲದ ಮೇಲಿರುವಾಗ, ನೀರಿನ ಮಟ್ಟಕ್ಕೆ ಒಂದು ತುದಿ ಅಂಟಿಸಿ, ಇನ್ನೊಂದು ತುದಿಯನ್ನು ಟಿನ್ನಿನಿಂದ 32 ಸೆಂ.ಮೀ. ದೂರ ನೆಲಕ್ಕೆ ಎಳೆಯಿರಿ. 45 ಡಿಗ್ರಿಯ ಓರೆಗೆರೆ. ಯಾವ ತೂತಿನ ನೀರೂ ಈ ದಾರವನ್ನು ದಾಟುವುದಿಲ್ಲ. ನಡುಮಟ್ಟದ ಮತ್ತು ಅದಕ್ಕಿಂತ ಮೇಲಿನ ಪ್ರತಿ ಧಾರೆಯೂ ಒಂದೊಂದು ಕಡೆ ದಾರವನ್ನು ಸವರಿಕೊಂಡು ಹೋಗುತ್ತದೆ. ತನ್ನ ತೂತು ನೀರಿನ ಮಟ್ಟದಿಂದ ಎಷ್ಟು ಆಳದಲ್ಲಿದೆಯೋ ಅಷ್ಟೇ ಕೆಳಕ್ಕೆ ಬಿದ್ದ ಮೇಲೆ ಸವರುತ್ತದೆ. ಅಲ್ಲಿ ಅದರ ಇಳಿಜಾರೂ 45 ಡಿಗ್ರಿ.

ಇದೇ ಸೂತ್ರವನ್ನು ತಿರುಗಿಸಿದರೆ ಮಂಗಳೂರಿನ ತಾರಸಿ ಟ್ಯಾಂಕಿಗೂ ಉಪಯೋಗ ಇದೆ. ತಾರಸಿಯ ಅಂಚಿನಲ್ಲಿ ಟ್ಯಾಂಕು, ಅದರ ತಳ ಅಂಗಳದಿಂದ 4 ಮೀಟರ್ ಎತ್ತರ, ಒಳಗೆ ಒಂದು ಮೀಟರ್ ನೀರು. ಪಕ್ಕದಲ್ಲಿ ಎಲ್ಲೋ ತೂತಾಗಿ ನೀರು ಅಡ್ಡಕ್ಕೆ ಚಿಮ್ಮುತ್ತಿದೆ. ಬೀಳುವ ಜಾಗ ಟ್ಯಾಂಕಿನ ಮೈಯ ನೇರ ಕೆಳಗಿನಿಂದ 3 ಮೀಟರ್ ಆಚೆ. ಮೇಲೆ ಹತ್ತದೆಯೇ ತೂತು ಎಲ್ಲಿದೆ ಎಂದು ಹೇಳಬಹುದು. ಒಟ್ಟು ಅಂತರ 5 ಮೀಟರ್, ಆದ್ದರಿಂದ h × (5 − h) = 2.25. ಇದಕ್ಕೆ ಎರಡು ಉತ್ತರ, 0.5 ಮತ್ತು 4.5. ಎರಡನೆಯದು ಟ್ಯಾಂಕಿನ ಹೊರಗೆ, ಅದನ್ನು ಬಿಡಿ. ತೂತು ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗಿದೆ. ಮಧ್ಯಾಹ್ನದ ಕಡಲಗಾಳಿ ಧಾರೆಯನ್ನು ತಳ್ಳುತ್ತದೆ, ಹಾಗಾಗಿ ಬೆಳಿಗ್ಗೆ ಗಾಳಿ ಇಲ್ಲದಾಗ ಅಳೆಯಿರಿ. ಬಿರುಕು ಓರೆಕೋರೆ ಇದ್ದರೆ ಒಂದಷ್ಟು ಸೆಂ.ಮೀ. ಹೆಚ್ಚುಕಡಿಮೆ ಆಗುತ್ತದೆ. ಪ್ಲಂಬರ್ ಬರುವ ತನಕ ಪಂಪನ್ನು ಅರ್ಧಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿದರೆ ಸೋರುವುದೂ ನಿಲ್ಲುತ್ತದೆ, ಮನೆ ಖರ್ಚಿಗೆ ನೀರೂ ಇರುತ್ತದೆ.