ಕೊಂಡುಕೊಂಡವನು ಎಷ್ಟು ಸಲ ಕೊಂಡ?

‘ಅವನು ಒಂದು ಸೈಕಲ್ ಕೊಂಡುಕೊಂಡ.’ ಈ ವಾಕ್ಯವನ್ನು ನಾವು ಯೋಚನೆಯೇ ಇಲ್ಲದೆ ಆಡುತ್ತೇವೆ. ಆದರೆ ಇದರಲ್ಲಿ ಒಂದೇ ಕ್ರಿಯಾಪದ ಎರಡು ಸಲ ಬಂದಿದೆ. ‘ಕೊಂಡು’ ಕೂಡ ‘ಕೊಳ್ಳು’ವಿನಿಂದ ಬಂದದ್ದು, ‘ಕೊಂಡ’ ಕೂಡ ಅದರಿಂದಲೇ ಬಂದದ್ದು. ಹಾಗಂತ ಅವನು ಎರಡು ಸೈಕಲ್ ತಂದಿಲ್ಲ. ಮೊದಲ ‘ಕೊಂಡು’ ನಿಜವಾದ ಖರೀದಿ. ಎರಡನೆಯದರಲ್ಲಿ ಖರೀದಿಯೇ ಇಲ್ಲ. ‘ತನಗಾಗಿ’ ಅನ್ನುವ ಸೂಚನೆ ಮಾತ್ರ ಉಳಿದಿದೆ.

ಸ್ವಂತ ಅರ್ಥವಿದ್ದ ಪದ ನಿಧಾನವಾಗಿ ಸವೆದು ಪ್ರತ್ಯಯದಂತಾಗುವುದಕ್ಕೆ ವ್ಯಾಕರಣೀಕರಣ ಅನ್ನುತ್ತಾರೆ. ಫ್ರಾನ್ಸಿನ ಭಾಷಾವಿಜ್ಞಾನಿ ಆಂತ್ವಾನ್ ಮೇಯೆ 1912ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಕೊಡುವ ಮತ್ತು ತೆಗೆದುಕೊಳ್ಳುವ ಕ್ರಿಯಾಪದಗಳಿಗೆ ಹೀಗಾಗುವುದು ಲೋಕದ ಎಷ್ಟೋ ಭಾಷೆಗಳಲ್ಲಿ ಕಾಣುತ್ತದೆ. ಅದನ್ನು ಹತ್ತಿರದಿಂದ ನೋಡಲು ನಮ್ಮ ದ್ರಾವಿಡ ಭಾಷೆಗಳು ತುಂಬ ಒಳ್ಳೆಯ ಜಾಗ.

ಹಳಗನ್ನಡದಲ್ಲಿ ‘ಕೊಳ್’ ಅಂದರೆ ಹಿಡಿ, ತೆಗೆದುಕೊ ಎಂದಿತ್ತು. ಈಗ ಒಂಟಿಯಾಗಿ ಬಂದರೆ ಹೆಚ್ಚಾಗಿ ಖರೀದಿಯ ಅರ್ಥ ಮಾತ್ರ. ಇನ್ನೊಂದು ಕ್ರಿಯಾಪದದ ನಂತರ ಬಂದಾಗ ಮಾತ್ರ ಅದಕ್ಕೆ ಭಾರಿ ಕೆಲಸ. ‘ಬರೆದ’ ಅಂದರೆ ಬರೆದ ಅಷ್ಟೆ. ‘ಬರೆದುಕೊಂಡ’ ಅಂದರೆ ತನ್ನ ಉಪಯೋಗಕ್ಕೆ ಬರೆದ. ಪುಸ್ತಕಗಳು ಇದನ್ನು ‘ಸ್ವಂತದ ಪ್ರಯೋಜನ’ದ ರೂಪ ಅನ್ನುವುದುಂಟು. ನನಗೆ ಆ ಹೆಸರು ಸರಿ ಅನ್ನಿಸುವುದಿಲ್ಲ. ‘ಕಾಲು ಮುರ್ಕೊಂಡ’ ಅನ್ನುತ್ತೇವೆ, ಅದರಲ್ಲಿ ಯಾವ ಪ್ರಯೋಜನ? ಇಲ್ಲಿ ಮುಖ್ಯವಾದದ್ದು ಲಾಭ ಅಲ್ಲ, ದಿಕ್ಕು. ಕೆಲಸದ ಫಲ ಮಾಡಿದವನ ಕಡೆಗೇ ತಿರುಗುತ್ತದೆ, ಒಳ್ಳೆಯದೋ ಕೆಟ್ಟದ್ದೋ ಆಮೇಲಿನ ಮಾತು.

ಇದು ಪೂರ್ತಿ ವ್ಯಾಕರಣದ ಪಾಲಾಗಿದೆ ಅನ್ನುವುದನ್ನು ಹೇಗೆ ತಿಳಿಯುವುದು? ‘ತನ್ನನ್ನು ತಾನು ಹೊಡೆದ’ ಎಂದು ಹೇಳಿ ನೋಡಿ. ಏನೋ ಕೊರತೆ ಅನ್ನಿಸುತ್ತದೆ, ಅಲ್ವಾ? ‘ತನ್ನನ್ನು ತಾನು ಹೊಡೆದುಕೊಂಡ’ ಅಂದರೇನೇ ಸಮಾಧಾನ. ಬೇಕಿದ್ದರೆ ಹಾಕು, ಬೇಡವಾದರೆ ಬಿಡು ಅನ್ನುವ ಪದ ಇದಲ್ಲ. ವಾಕ್ಯವೇ ಅದನ್ನು ಕೇಳುತ್ತದೆ. ಇನ್ನೊಂದು ಗುರುತು ಸವೆತ. ಬರೆದುಕೊಳ್ಳು ಎಂಬುದು ‘ಬರ್ಕೊ’ ಆಗುತ್ತದೆ, ‘ಬರೆದುಕೊಂಡು’ ಆಡುಮಾತಿನಲ್ಲಿ ‘ಬರ್ಕಂಡು’ ಕೂಡ ಆಗುತ್ತದೆ. ಖರೀದಿಯ ‘ಕೊಂಡ’ ಹೀಗೆ ‘ಕಂಡ’ ಆಗುವುದಿಲ್ಲ. ಅರ್ಥ ಹೊತ್ತ ಪದಕ್ಕೆ ಒತ್ತು ಸಿಗುತ್ತದೆ. ವ್ಯಾಕರಣದ ಕೆಲಸಕ್ಕೆ ಇಳಿದ ಪದಕ್ಕೆ ಒತ್ತು ತಪ್ಪುತ್ತದೆ, ಆಗ ಅದು ಸವೆಯುತ್ತದೆ.

ತಮಿಳು, ತೆಲುಗು, ಮಲಯಾಳಂಗಳಲ್ಲೂ ಇದೇ ಧಾತು ಇಂಥದೇ ದಾರಿ ಹಿಡಿದಿದೆ. ತೆಲುಗಿನ ‘ರಾಸುಕುನ್ನಾಡು’ ನಮ್ಮ ‘ಬರೆದುಕೊಂಡ’ವೇ. ತಮಿಳಿನ ‘ಪಾಡಿಕ್ಕೊಂಡು’ ಆಡುಮಾತಿನಲ್ಲಿ ‘ಪಾಡಿಕ್ಕಿಟ್ಟು’ ಆಗಿದೆ. ಅದರಲ್ಲಿ ‘ಕೊಳ್’ ಇದೆ ಎಂದು ಗುರುತು ಹಿಡಿಯುವುದೇ ಕಷ್ಟ.

ಕೊಡುವ ಕ್ರಿಯಾಪದದ ಕಥೆ ಬೇರೆ. ‘ಅವಳು ನನಗೆ ಅರ್ಜಿ ಬರೆದುಕೊಟ್ಟಳು’ ಅನ್ನುವಾಗ ಅರ್ಜಿ ನಿಜಕ್ಕೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿರಬಹುದು. ಕೊಡುವುದೂ ಸಹಾಯವೂ ಇಲ್ಲಿ ಒಟ್ಟಿಗೇ ಇವೆ. ಅರ್ಥ ಜಾರುವುದು ಇಂಥ ವಾಕ್ಯಗಳಲ್ಲೇ. ಕೇಳುವವರು ‘ಕೊಟ್ಟಳು’ ಅನ್ನುವುದನ್ನು ಹಸ್ತಾಂತರ ಎಂದೂ ತಿಳಿಯಬಹುದು, ಉಪಕಾರ ಎಂದೂ ತಿಳಿಯಬಹುದು. ಎರಡನೆಯ ಅರ್ಥ ಬೇರೂರಿದ ಮೇಲೆ ಹಸ್ತಾಂತರ ಇಲ್ಲದ ಕಡೆಗೂ ಅದು ಹರಡುತ್ತದೆ. ‘ಮಗುವಿಗೆ ಅಂಗಿಯ ಗುಂಡಿ ಹಾಕಿಕೊಟ್ಟಳು.’ ಯಾವ ವಸ್ತುವೂ ಕೈ ಬದಲಾಯಿಸಿಲ್ಲ. ‘ಲೆಕ್ಕ ಹೇಳಿಕೊಟ್ಟಳು’ ಅನ್ನುವಾಗಲಂತೂ ಕೊಡಲು ವಸ್ತುವೇ ಇಲ್ಲ.

ಅನುಮಾನ ಬಂದರೆ ನಡುವೆ ಒಂದು ಪದ ಸೇರಿಸಿ ನೋಡಬಹುದು. ‘ಅರ್ಜಿ ಬರೆದು ನಾಳೆ ಕೊಡುತ್ತಾಳೆ’ ಅಂದರೆ ಅದು ನಿಜವಾದ ಕೊಡುವಿಕೆ. ‘ಗುಂಡಿ ಹಾಕಿ ನಾಳೆ ಕೊಡುತ್ತಾಳೆ’ ಅಂದ ಕೂಡಲೇ ಉಪಕಾರದ ಅರ್ಥ ಮಾಯ, ಅಂಗಿಯನ್ನೇ ನಾಳೆ ಕೈಗೆ ಕೊಡುತ್ತಾಳೆ ಎಂದಾಗುತ್ತದೆ. ಉಪಕಾರದ ‘ಕೊಡು’ ತನಗಿಂತ ಮೊದಲು ಬರುವ ಕ್ರಿಯಾಪದಕ್ಕೆ ಅಷ್ಟು ಬಿಗಿಯಾಗಿ ಅಂಟಿದೆ.

‘ಕೊಳ್ಳು’ವಿನಂತೆ ಇದು ಕೆಟ್ಟದ್ದಕ್ಕೂ ಸಲ್ಲುತ್ತದೆಯೇ? ಇಲ್ಲ. ‘ನನ್ನ ಕಾಲು ಮುರಿದುಕೊಟ್ಟ’ ಎಂದು ಯಾರೂ ಸಹಜವಾಗಿ ಹೇಳುವುದಿಲ್ಲ. ಕೊಡುವುದಕ್ಕೆ ಮನಸ್ಸಿಟ್ಟು ಕೊಡುವವನು ಬೇಕು, ಬೇಕೆಂದು ಪಡೆಯುವವನೂ ಬೇಕು. ಮೂಲ ಅರ್ಥ ಸವೆದ ಮೇಲೂ ಆ ನೆನಪು ಉಳಿದಿದೆ.

ಮಲಯಾಳಂ ಈ ನೆನಪನ್ನು ಇನ್ನೂ ಸೂಕ್ಷ್ಮವಾಗಿ ಇಟ್ಟುಕೊಂಡಿದೆ. ಆ ಭಾಷೆಯಲ್ಲಿ ಕೊಡುವುದಕ್ಕೆ ಎರಡು ಪದಗಳಿವೆ. ಪಡೆಯುವವರು ನಾನು ಅಥವಾ ನೀನು ಆದರೆ ‘ತರು’. ಮೂರನೆಯವರಾದರೆ ‘ಕೊಡು’. ಈ ಭೇದ ಉಪಕಾರದ ರೂಪಕ್ಕೂ ಹಾಗೇ ದಾಟಿದೆ. ನನಗೆ ಹೇಳಿಕೊಟ್ಟರೆ ‘ಪರಞ್ಞು ತನ್ನು’, ಅವನಿಗೆ ಹೇಳಿಕೊಟ್ಟರೆ ‘ಪರಞ್ಞು ಕೊಡುತ್ತು’. ಕನ್ನಡದ ‘ತರು’ ಈ ಮಲಯಾಳಂ ಪದದ ಒಡಹುಟ್ಟು. ಆದರೆ ಇಲ್ಲಿ ಅದಕ್ಕೆ ತೆಗೆದುಕೊಂಡು ಬರುವ ಅರ್ಥ ಮಾತ್ರ. ಹಾಗಾಗಿ ನಮ್ಮಲ್ಲಿ ಎಲ್ಲರಿಗೂ ಒಂದೇ ‘ಕೊಡು’.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಇನ್ನು ಹೇಳುವ ಸಂಗತಿ. ‘ಬರೆದುಕೊಡು’ ಅನ್ನುವುದರ ಪಕ್ಕದಲ್ಲಿ ‘ಬರೆಯಗೊಡು’ ಅನ್ನುವುದನ್ನು ಇಟ್ಟು ನೋಡಿ. ಎರಡರಲ್ಲೂ ಅದೇ ‘ಬರೆ’, ಅದೇ ‘ಕೊಡು’. ಮೊದಲನೆಯದರಲ್ಲಿ ಬರೆಯುವವನು ಕೊಡುವವನೇ. ಎರಡನೆಯದರಲ್ಲಿ ಬರೆಯುವವನು ಪಡೆಯುವವನು. ಬರೆಯಲು ಬಿಡು, ಅವಕಾಶ ಕೊಡು ಎಂದು ಅರ್ಥ. ನಡುವಿನ ಒಂದು ಪುಟ್ಟ ರೂಪ ಎಲ್ಲವನ್ನೂ ತಿರುಗಿಸಿದೆ. ‘ಬರೆದು’ ಅಂದರೆ ಕೆಲಸ ಮುಗಿದಿದೆ. ಮುಗಿದ ಕೆಲಸವನ್ನು ಕೊಡುವುದಾದರೆ ಅದರ ಫಲವನ್ನೇ ಕೊಡಬೇಕು, ಅದು ಉಪಕಾರ. ‘ಬರೆಯ’ ಅಂದರೆ ಕೆಲಸ ಇನ್ನೂ ಆಗಿಲ್ಲ. ಆಗದ ಕೆಲಸವನ್ನೇ ಒಬ್ಬರಿಗೆ ಕೊಟ್ಟರೆ ಅವರು ಮಾಡಬೇಕು, ಅದು ಅನುಮತಿ.

ಇದು ಕನ್ನಡದ ಆಕಸ್ಮಿಕ ಅಲ್ಲ. ತೆಲುಗಿನಲ್ಲಿ ‘ರಾಸಿ ಇವ್ವು’ ಅಂದರೆ ಬರೆದುಕೊಡು, ‘ರಾಯನಿವ್ವು’ ಅಂದರೆ ಬರೆಯಲು ಬಿಡು. ಬೇರೆ ಕುಟುಂಬದ ಮರಾಠಿಯಲ್ಲಿ ‘ಲಿಹೂನ್ ದೇ’ ಮತ್ತು ‘ಲಿಹೂ ದೇ’, ಹಿಂದಿಯಲ್ಲಿ ‘ಲಿಖ್ ದೋ’ ಮತ್ತು ‘ಲಿಖ್‌ನೇ ದೋ’. ನಾಲ್ಕೂ ಭಾಷೆಗಳಲ್ಲಿ ಜೋಡಿ ಒಂದೇ ರೀತಿ ಒಡೆಯುತ್ತದೆ. ಇದು ಪಿತ್ರಾರ್ಜಿತವೋ ನೆರೆಹೊರೆಯ ಪ್ರಭಾವವೋ? ‘ಕೊಳ್’ ವಿಷಯದಲ್ಲಿ ಅಕ್ಕತಂಗಿ ಭಾಷೆಗಳೆಲ್ಲ ಒಂದೇ ಧಾತುವನ್ನು ಬಳಸುತ್ತವೆ, ಆದ್ದರಿಂದ ಹಳೆಯ ಆಸ್ತಿ ಅನ್ನಲು ಬಲವಾದ ಕಾರಣ ಇದೆ. ಕೊಡುವುದರಲ್ಲಿ ಮಾದರಿ ಒಂದೇ, ಧಾತುಗಳು ಬೇರೆ ಬೇರೆ. ಉಪಕಾರಕ್ಕೆ ತೆಲುಗು ‘ಇಡು’ ಅನ್ನುವ ಅರ್ಥದ ‘ಪೆಟ್ಟು’ವನ್ನೂ ಬಳಸುತ್ತದೆ. ಮಾದರಿ ಒಂದೇ ಇದ್ದು ಸಾಮಾನು ಬೇರೆಯಾದರೆ, ಭಾಷೆಗಳು ಒಂದನ್ನೊಂದು ನೋಡಿಯೋ ತಾವಾಗಿಯೋ ಆಮೇಲೆ ಕಟ್ಟಿಕೊಂಡವು ಎಂದು ಊಹಿಸುವುದು ಸಹಜ.

ತೆಲುಗಿನ ‘ಇವ್ವು’ವಿಗೆ ಕನ್ನಡದಲ್ಲೂ ನೆಂಟನಿದ್ದಾನೆ. ಕೊಡು ಅನ್ನುವುದಕ್ಕೆ ಹಳಗನ್ನಡದಲ್ಲಿ ‘ಈ’ ಎಂಬ ಕ್ರಿಯಾಪದ ಇತ್ತು. ‘ವರವಿತ್ತ’ ಅನ್ನುವಾಗಿನ ‘ಇತ್ತ’ ಅದರದ್ದೇ. ಮಾತಿನಲ್ಲಿ ಅದು ಸತ್ತುಹೋಗಿದೆ, ಆದರೆ ‘ಒಳಗೆ ಬರಲೀಯದೆ ತಡೆದರು’ ಅನ್ನುವ ಬರವಣಿಗೆಯಲ್ಲಿ ಇನ್ನೂ ಸಿಗುತ್ತದೆ. ಬರಲು ಈಯದೆ, ಅಂದರೆ ಬರಲು ಕೊಡದೆ. ಗಮನಿಸಿ, ‘ಈ’ ಆಗಲಿ ‘ಗೊಡು’ ಆಗಲಿ ಹೆಚ್ಚಾಗಿ ಕಾಣುವುದು ನಿಷೇಧದಲ್ಲೇ. ಬರಲೀಯದೆ, ಮಾತಾಡಗೊಡಲಿಲ್ಲ. ಅನುಮತಿ ಸಿಕ್ಕಾಗ ಅದರ ಮಾತೆತ್ತುವ ಅಗತ್ಯ ಕಡಿಮೆ, ಸಿಗದಿದ್ದಾಗಲೇ ಅದನ್ನು ಹೇಳಬೇಕಾಗುತ್ತದೆ. ದಿನದ ಮಾತಿನಲ್ಲಿ ಈಗ ‘ಹೋಗೋಕೆ ಬಿಡು’ ಅನ್ನುತ್ತೇವೆ. ತಮಿಳು ಕೂಡ ‘ಪೋಗ ವಿಡು’ ಎಂದು ಬಿಡುವ ಕ್ರಿಯಾಪದವನ್ನೇ ಆರಿಸಿಕೊಂಡಿದೆ.

‘ಅವನನ್ನು ಹೋಗಗೊಡಲಿಲ್ಲ’ ಅನ್ನುವಲ್ಲಿನ ವಿಭಕ್ತಿಯನ್ನೂ ನೋಡಿ. ನಿಜವಾಗಿ ಕೊಡುವಾಗ ‘ಅವನಿಗೆ’ ಅನ್ನಲೇಬೇಕು, ‘ಅವನನ್ನು ಪುಸ್ತಕ ಕೊಟ್ಟೆ’ ಅನ್ನಲಾಗದು. ಇಲ್ಲಿ ‘ಅವನನ್ನು’ ಸರಾಗವಾಗಿ ಕೂತಿದೆ. ಅವನು ಪಡೆಯುವವನ ಜಾಗ ಬಿಟ್ಟು ತಡೆಯಲ್ಪಟ್ಟವನಾಗಿದ್ದಾನೆ.

ಅನುಮತಿಯಿಂದ ಇನ್ನೊಂದು ಹೆಜ್ಜೆ ಇಟ್ಟರೆ ಪ್ರೇರಣೆ, ಅಂದರೆ ಇನ್ನೊಬ್ಬರಿಂದ ಕೆಲಸ ಮಾಡಿಸುವುದು. ನಾನು ಬಿಟ್ಟದ್ದರಿಂದ ಅವನು ಹೋದ, ನಾನು ಕಳಿಸಿದ್ದರಿಂದ ಅವನು ಹೋದ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಅವನಿಗೆ ಮನಸ್ಸಿತ್ತೋ ಇಲ್ಲವೋ ಅನ್ನುವುದಷ್ಟೇ ವ್ಯತ್ಯಾಸ. ಥಾಯ್ ಭಾಷೆಯಲ್ಲಿ ಕೊಡುವುದಕ್ಕೆ ಇರುವ ‘ಹೈ’ ಈ ಗೆರೆ ದಾಟಿದೆ. ತಾಯಿ ಮಗುವನ್ನು ಮಲಗಲು ಬಿಟ್ಟಳು, ಮಲಗುವಂತೆ ಮಾಡಿದಳು, ಎರಡಕ್ಕೂ ಅದು ಒದಗುತ್ತದೆ. ಕನ್ನಡದ ‘ಕೊಡು’ ದಾಟಲಿಲ್ಲ. ‘ಮಲಗಿಸು’ವಿನಲ್ಲಿರುವ ‘ಇಸು’ ಆ ಜಾಗದಲ್ಲಿ ಮೊದಲೇ ಕೂತಿತ್ತು, ಬೇರೆಯವರಿಗೆ ಅಲ್ಲಿ ಕೆಲಸ ಇರಲಿಲ್ಲ ಅನ್ನಿಸುತ್ತದೆ.

ಆದರೆ ಪ್ರೇರಣೆಯ ಜಾಗಕ್ಕೆ ನಮ್ಮಲ್ಲಿ ಬೇರೆ ಬಾಗಿಲಿನಿಂದ ಬಂದವರಿದ್ದಾರೆ. ‘ಸರಳಗೊಳಿಸು’, ‘ಪೂರ್ಣಗೊಳಿಸು’. ಇವುಗಳ ‘ಗೊಳಿಸು’ ಅನ್ನು ಬಿಚ್ಚಿದರೆ ‘ಕೊಳ್’ ಮತ್ತು ‘ಇಸು’ ಸಿಗುತ್ತವೆ. ಪೂರ್ಣಗೊಳ್ಳು ಅಂದರೆ ಪೂರ್ಣತೆಯನ್ನು ಪಡೆ, ಪೂರ್ಣಗೊಳಿಸು ಅಂದರೆ ಅದನ್ನು ಪಡೆಯುವಂತೆ ಮಾಡು. ಬರೆಯುವಾಗ ದಿನಕ್ಕೆಷ್ಟೋ ಸಲ ಬಳಸುವ ಈ ಪ್ರತ್ಯಯದೊಳಗೆ ಸೈಕಲ್ ಕೊಂಡುಕೊಂಡವನ ‘ಕೊಳ್’ ಕೂತಿದೆ. ಅಂಗಡಿಯಲ್ಲಿ ಅದರ ಹಳೆಯ ಕೆಲಸವನ್ನೂ ಈಗ ‘ತಗೋ’ ವಹಿಸಿಕೊಳ್ಳುತ್ತಿದೆ. ಆ ‘ತಗೋ’ವನ್ನು ಬಿಡಿಸಿದರೆ ‘ತೆಗೆದುಕೊ’, ಅದರ ಕೊನೆಯಲ್ಲಿ ಮತ್ತೆ ಅದೇ ‘ಕೊಳ್’.